ಹೊಳೆಯಾಚೆಯ ನರ್ಸಮ್ಮ

ಶರಾವತಿ ಹಿನ್ನೀರಿನ ಆಚೆ ದಡದ ಹಳ್ಳಿಗಳಲ್ಲಿ, ತುಮರಿಯ ಸುತ್ತಮುತ್ತ, ನನ್ನನ್ನು ಶಾಲೆಯ ಮೇಷ್ಟ್ರು ಎಂದು ಗುರುತಿಸುವವರಿಗಿಂತ ನರ್ಸಮ್ಮನ ಯಜಮಾನರು ಎಂದು ಗುರುತಿಸುವವರೇ ಹೆಚ್ಚು. ಆ ಹೆಸರನ್ನು ನಾನು ಹೆಮ್ಮೆಯಿಂದ ಹೊತ್ತುಕೊಂಡಿದ್ದೇನೆ. ನನ್ನ ಹೆಂಡತಿ 1979ರಿಂದ 2017ರವರೆಗೆ ಈ ಭಾಗದ ಆರೋಗ್ಯ ಉಪಕೇಂದ್ರದಲ್ಲಿ ಎಎನ್‌ಎಂ ಆಗಿದ್ದಳು. ಸರ್ಕಾರಿ ಕಾಗದಗಳಲ್ಲಿ ಅವಳು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಜನರ ಬಾಯಲ್ಲಿ ನರ್ಸಮ್ಮ. ನಿವೃತ್ತಿಯಾದ ಮೇಲೂ ನರ್ಸಮ್ಮನೇ. 2024ರ ಚಳಿಗಾಲದಲ್ಲಿ ಅವಳು ತೀರಿಕೊಂಡಳು.

ಸಂಸಾರದ ಬಗ್ಗೆ ಬರೆಯಿರಿ ಎಂದು ಮಗಳು ಹೇಳಿದಳು. ನಾನು ಬರೆಯಲು ಕೂತರೆ ಹೆಂಡತಿಯ ಕೆಲಸವೇ ಬರುತ್ತದೆ. ನಾನು ಅವಳನ್ನು ನೋಡಿದ್ದೇ ಕೆಲಸದಲ್ಲಿ, ಮೆಚ್ಚಿದ್ದೂ ಅಲ್ಲೇ.

ಅವಳು ಚಳ್ಳಕೆರೆ ಕಡೆಯವಳು. ಮಳೆಗಾಗಿ ಮುಗಿಲು ನೋಡುವ ಸೀಮೆಯಿಂದ, ಜೂನ್‌ನಲ್ಲಿ ಶುರುವಾದ ಮಳೆ ನವರಾತ್ರಿಯವರೆಗೂ ಬಿಡದ ಸೀಮೆಗೆ ಇಪ್ಪತ್ತೆರಡರ ಹರೆಯದಲ್ಲಿ ಒಂದು ಟ್ರಂಕು ಹಿಡಿದು ಬಂದಳು. ನಾನು ಇಲ್ಲಿಯವನೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ನಮ್ಮ ತೋಟವೂ ಮುಳುಗಿತು. ಒಂದು ಕಾಲಕ್ಕೆ ನಡೆದೇ ದಾಟುತ್ತಿದ್ದ ಕಣಿವೆ ಸಮುದ್ರದಂತಾಯಿತು. ಸಾಗರ ಪೇಟೆಗೆ ಹೋಗಬೇಕೆಂದರೆ ಲಾಂಚ್ ಹತ್ತಬೇಕಿತ್ತು, ಸಂಜೆ ಲಾಂಚ್ ನಿಂತರೆ ಕಾಡಿನೊಳಗಿನ ಸುತ್ತುದಾರಿಯೇ ಗತಿಯಾಗಿತ್ತು. ಅವಳ ಕೆಲಸದ ಪ್ರತಿಯೊಂದು ತೀರ್ಮಾನದ ಹಿಂದೆಯೂ ಆ ಲಾಂಚಿನ ಹೊತ್ತು ಇರುತ್ತಿತ್ತು.

ಶಾಲೆಯ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬಂದಾಗ ನಾನು ಅವಳನ್ನು ಮೊದಲು ನೋಡಿದ್ದು. 1981ರಲ್ಲಿ ಮದುವೆಯಾದೆವು. ಎರಡೂ ಮನೆಯವರನ್ನು ಒಪ್ಪಿಸಿದ ಕತೆ ದೊಡ್ಡದು, ಇಲ್ಲಿ ಬೇಡ.

ಗುಡ್ಡಗಾಡಿನಲ್ಲಿ ಮೂರು ಸಾವಿರ ಜನಕ್ಕೊಂದು ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಬಯಲುಸೀಮೆಯಲ್ಲಿ ಮೂರು ಸಾವಿರ ಜನ ಎಂದರೆ ಒಂದೇ ಊರು, ಒಂದು ದಿನದಲ್ಲಿ ಬೀದಿ ಬೀದಿ ಸುತ್ತಿ ಮುಗಿಸಬಹುದು. ನಮ್ಮಲ್ಲಿ ಮನೆಗೊಂದು ತೋಟ, ತೋಟಕ್ಕೊಂದು ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಹಳ್ಳ ಇಳಿದು ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಸಂಕದ ಮೇಲೆ ನಡೆಯಬೇಕು, ಮನೆ ತಲುಪಿ ಮೊದಲು ಕಾಲಿನ ಇಂಬಳ ಕಿತ್ತು ಹಾಕಬೇಕು. 1985ರಲ್ಲಿ ದೇಶದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾಗಿ, ಕೆಲವು ವರ್ಷಗಳಲ್ಲಿ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಲಸಿಕೆಯ ಪೆಟ್ಟಿಗೆ ನಮ್ಮ ಮನೆಯ ಸದಸ್ಯನಾದದ್ದು ಆಗ. ರಜೆಯ ದಿನಗಳಲ್ಲಿ, ಶಾಲೆ ಮುಗಿದ ಸಂಜೆಗಳಲ್ಲಿ, ಅದನ್ನು ಹೊರುವುದು ನನ್ನ ಪಾಲಿಗೆ ಬಂತು.

ಆ ಪೆಟ್ಟಿಗೆಯ ನಾಲ್ಕು ಗೋಡೆಗೆ ನಾಲ್ಕು ಐಸ್‌ಪ್ಯಾಕು, ನಡುವೆ ಲಸಿಕೆಯ ಸೀಸೆಗಳು. ಲಸಿಕೆ ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಬಿಸಿಯಾದರೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು, ಹಾಗಾಗಿ ಎಲ್ಲರೂ ಐಸ್ ಎಷ್ಟು ಗಟ್ಟಿಯಾಗಿದ್ದರೆ ಅಷ್ಟು ಒಳ್ಳೆಯದು ಎಂದುಕೊಳ್ಳುತ್ತಿದ್ದರು. ಅವಳು ಹಾಗಲ್ಲ. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಹೊರಗಿಟ್ಟು, ಮೈಮೇಲೆ ಬೆವರಿನ ಹನಿ ಕೂರುವವರೆಗೆ ಕಾಯುತ್ತಿದ್ದಳು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಾಗ ಒಳಗೆ ನೀರು ಕುಲುಕಿದ ಸದ್ದು ಬಂದರೆ ಮಾತ್ರ ಪೆಟ್ಟಿಗೆಗೆ ಇಳಿಸುವುದು. ಪೋಲಿಯೊ ಹನಿ ಹೆಪ್ಪುಗಟ್ಟಿದರೂ ಕೆಡುವುದಿಲ್ಲ. ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯುವಿಗೆ ಕೊಡುವ ಡಿಪಿಟಿ ಮಾತ್ರ ಒಮ್ಮೆ ಹೆಪ್ಪುಗಟ್ಟಿತೆಂದರೆ ಮುಗಿಯಿತು, ಕರಗಿದ ಮೇಲೆ ಸೀಸೆ ಮೊದಲಿನಂತೆಯೇ ಕಂಡರೂ ಒಳಗಿನ ಶಕ್ತಿ ಹೋಗಿರುತ್ತದೆ. ಮಗುವಿಗೆ ಸೂಜಿ ಚುಚ್ಚಿದ್ದಷ್ಟೇ ಲಾಭ.

ಒಂದು ಆಷಾಢದಲ್ಲಿ ಹೀಗಾಯಿತು. ಅವತ್ತು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪೆಟ್ಟಿಗೆ ತುಂಬಿದವರು ಬೇರೆಯವರು. ಗದ್ದೆ ನೆಟ್ಟಿಯ ಕಾಲ. ಕೆಲಸ ಬಿಟ್ಟು ಕೈಕಾಲು ತೊಳೆದುಕೊಂಡು ತಾಯಂದಿರು ಮಕ್ಕಳನ್ನೆತ್ತಿಕೊಂಡು ಜಗಲಿಯಲ್ಲಿ ಕೂತಿದ್ದರು. ಮುಚ್ಚಳ ತೆಗೆದಳು. ಐಸ್ ಇನ್ನೂ ಕಲ್ಲಿನಷ್ಟು ಗಟ್ಟಿ, ಡಿಪಿಟಿ ಸೀಸೆ ಅದಕ್ಕೆ ಒರಗಿಕೊಂಡು ನಿಂತಿತ್ತು. ಸೀಸೆಯನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಇಟ್ಟಳು. ಪೋಲಿಯೊ ಹನಿ ಹಾಕಿ, "ಚುಚ್ಚುಮದ್ದು ಇವತ್ತು ಬ್ಯಾಡ, ಇನ್ನೊಂದಿನ ಬರ್ತೀನಿ" ಎಂದಳು. ಗದ್ದೆಯ ಕೆಲಸ ಬಿಟ್ಟು ಬಂದವರಿಗೆ ಸಿಟ್ಟು ಬಾರದೆ ಇದ್ದೀತೆ? ನನ್ನ ಕಡೆಗೂ ನೋಡಿದರು, ಮೇಷ್ಟ್ರಾದರೂ ಹೇಳಲಿ ಎಂಬಂತೆ.

ಮರುದಿನ ಅವಳು ಮಾಡಿದ್ದನ್ನು ಪಕ್ಕದಲ್ಲಿ ನಿಂತು ನೋಡಿದೆ. ಅದೇ ಬ್ಯಾಚಿನ ಇನ್ನೊಂದು ಡಿಪಿಟಿ ಸೀಸೆಯನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಬೇಕೆಂದೇ ಹೆಪ್ಪುಗಟ್ಟಿಸಿದ್ದಳು. ಅದು ಕರಗಿದ ಮೇಲೆ, ಅನುಮಾನದ ಸೀಸೆಯನ್ನೂ ಅದನ್ನೂ ಒಂದೇ ಕೈಯಲ್ಲಿ ಹಿಡಿದು ಜೋರಾಗಿ ಕುಲುಕಿ, ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದಳು. ಕೆಟ್ಟಿದ್ದೆಂದು ಗೊತ್ತಿರುವುದೊಂದು, ಗೊತ್ತಿಲ್ಲದ್ದೊಂದು. ಚೆನ್ನಾಗಿರುವ ಲಸಿಕೆ ಕುಲುಕಿದ ಮೇಲೆ ಬಹಳ ಹೊತ್ತು ಒಂದೇ ಸಮನಾಗಿ ಬೆಳ್ಳಗೆ ಮಬ್ಬಾಗಿರುತ್ತದೆ. ಹೆಪ್ಪುಗಟ್ಟಿ ಕರಗಿದ್ದರಲ್ಲಿ ಕಣಗಳು ಗಂಟುಕಟ್ಟಿ ಬೇಗ ತಳಕ್ಕೆ ಕೂರುತ್ತವೆ, ಮೇಲೆ ತಿಳಿನೀರು ನಿಲ್ಲುತ್ತದೆ. ಅರ್ಧ ಗಂಟೆಯೊಳಗೆ ಎರಡೂ ಸೀಸೆಗಳ ತಳದಲ್ಲಿ ಬಿಳಿ ಗಸಿ, ಮೇಲೆ ತಿಳಿ. ಆ ಪೆಟ್ಟಿಗೆಯಲ್ಲಿದ್ದ ಡಿಪಿಟಿ ಅಷ್ಟನ್ನೂ ಅವಳು ಬಳಸದಂತೆ ಬರೆದು ತೆಗೆದಿಟ್ಟಳು. ಮುಂದಿನ ವಾರ ಹೊಸ ಲಸಿಕೆ ಹಿಡಿದು ಅದೇ ಜಗಲಿಗೆ ಹೋಗಿ, ಆ ಎರಡು ಸೀಸೆಗಳನ್ನೂ ತಾಯಂದಿರ ಮುಂದೆ ಕುಲುಕಿ ತೋರಿಸಿದಳು. ಆಮೇಲೆ ಆ ಕೇರಿಯಲ್ಲಿ ಅವಳ ಮಾತಿಗೆ ಎದುರು ಬರಲಿಲ್ಲ.

ಎರಡನ್ನು ಪಕ್ಕಪಕ್ಕ ಇಟ್ಟು ನೋಡುವುದು ಅವಳ ರೀತಿ. ತರಬೇತಿಯಲ್ಲಿ ಎಲ್ಲರಿಗೂ ಒಂದೇ ಪಾಠ ಹೇಳಿಕೊಟ್ಟಿರುತ್ತಾರೆ. ಅದನ್ನು ಸ್ವಭಾವವಾಗಿ ಮಾಡಿಕೊಂಡವರು ಕಡಿಮೆ. ಅವಳು ಅಕ್ಕಿ ಕೊಳ್ಳುವಾಗಲೂ ಹಾಗೆಯೇ, ಮಗಳ ಜ್ವರ ನೋಡುವಾಗಲೂ ಹಾಗೆಯೇ. ಒಂದು ಕೈ ಮಗಳ ಹಣೆಯ ಮೇಲೆ, ಇನ್ನೊಂದು ತನ್ನ ಹಣೆಯ ಮೇಲೆ.

ಈ ರೀತಿ ಒಂದು ಜೀವ ಉಳಿಸಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

1990ರ ಆಸುಪಾಸು. ಪಕ್ಕದ ಊರಿನಲ್ಲಿ ಚೊಚ್ಚಲ ಬಸುರಿಯೊಬ್ಬಳ ಸೀಮಂತ, ನಮ್ಮನ್ನೂ ಕರೆದಿದ್ದರು. ಹುಡುಗಿಗೆ ಎಂಟು ತಿಂಗಳು. ಬಳೆಗಾರ ಹಸಿರು ಬಳೆ ತೊಡಿಸುತ್ತಿದ್ದ. ಕೈ ಹೋಗುತ್ತಿಲ್ಲ, ಸೋಪು ತನ್ನಿ ಎಂದ. ಮದುವೆಯಲ್ಲಿ ಇದೇ ಅಳತೆ ಸಲೀಸಾಗಿ ಹೋಗಿತ್ತಲ್ಲ ಎಂದು ಯಾರೋ ಅಂದರು. ಬಸುರಿಗೆ ಮೈ ಬಂದಿದೆ ಎಂದು ಎಲ್ಲರೂ ನಕ್ಕರು. ಕುಂಕುಮ ಹಚ್ಚಿಸಿಕೊಳ್ಳಲು ಬಗ್ಗಿದ್ದ ನನ್ನ ಹೆಂಡತಿ ಹಾಗೇ ಕೆಳಗೆ ಕೂತಳು. ಹುಡುಗಿಯ ಕಾಲುಂಗುರ ಬೆರಳಿನೊಳಕ್ಕೆ ಹೂತಂತೆ ಕೂತಿತ್ತು. ರೆಪ್ಪೆಗಳು ಉಬ್ಬಿದ್ದವು. ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ ಹೆಬ್ಬೆರಳೊತ್ತಿ ಐದು ಎಣಿಸಿ ತೆಗೆದಳು. ಗುಳಿ ಬಿದ್ದದ್ದು ಮೇಲೇಳಲಿಲ್ಲ.

ಬಸುರಿಯ ಪಾದ ಸಂಜೆಗೆ ಊದುವುದು ಸಾಮಾನ್ಯ, ರಾತ್ರಿ ಮಲಗಿ ಎದ್ದರೆ ಇಳಿಯುತ್ತದೆ. ಬೆಳಗಿನ ಹೊತ್ತಿಗೆ ಮುಖ ಮತ್ತು ಕೈಬೆರಳು ಊದಿದ್ದರೆ ಅದು ಬೇರೆ. "ತಲೆನೋವಿದೆಯಾ?" ಎಂದು ಕೇಳಿದಳು. ಎರಡು ದಿನದಿಂದ ಇದೆ ಎಂದಳು ಹುಡುಗಿ. ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗೆ ಆಗುತ್ತದಾ? ಒಮ್ಮೊಮ್ಮೆ. ಇದಿಷ್ಟನ್ನೂ ಬಳೆಯ ಬಣ್ಣದ ಮಾತಿನ ನಡುವೆ, ಯಾರಿಗೂ ಗಾಬರಿಯಾಗದಂತೆ ಕೇಳಿದ್ದಳು. ಆಮೇಲೆ ನನ್ನನ್ನು ಸನ್ನೆಯಿಂದ ಕರೆದು, ಚೀಲ ತನ್ನಿ ಎಂದಳು. ಎಲ್ಲಿಗೆ ಹೋದರೂ ಅವಳ ಚೀಲ ಜೊತೆಗಿರುತ್ತಿತ್ತು.

ಒಳಕೋಣೆಯಲ್ಲಿ ಬಿಪಿ ನೋಡಿದಳು. 150, ಕೆಳಗಿನದು 100. ಎಡಮಗ್ಗುಲಲ್ಲಿ ಮಲಗಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದಳು. ಅಷ್ಟೇ ಇತ್ತು. 140 ಇಲ್ಲವೇ 90 ಮುಟ್ಟಿದರೇ ಎಚ್ಚರವಹಿಸಬೇಕು. ಇನ್ನು ಮೂತ್ರ ಪರೀಕ್ಷೆ. ಹಳೆಯ ಎಎನ್‌ಎಂಗಳು ಸ್ಪಿರಿಟ್ ದೀಪದ ಮೇಲೆ ಮಾಡುತ್ತಿದ್ದ ಪರೀಕ್ಷೆ ಅದು. ಗಾಜಿನ ಕೊಳವೆಯಲ್ಲಿ ಮುಕ್ಕಾಲು ಭಾಗ ಮೂತ್ರ ತುಂಬಿ, ಮೇಲಿನ ಭಾಗವನ್ನಷ್ಟೇ ಕುದಿಸುವುದು. ಮಬ್ಬಾದರೆ ಎರಡು ಮೂರು ಹನಿ ಅಸಿಟಿಕ್ ಆಮ್ಲ ಬಿಡುವುದು. ಮಬ್ಬು ಮಾಯವಾದರೆ ಅದು ಬರೀ ಲವಣ, ಚಿಂತೆಯಿಲ್ಲ. ಹಾಗೇ ನಿಂತರೆ ಆಲ್ಬುಮಿನ್. ಎಂದರೆ ಮೂತ್ರಪಿಂಡದಿಂದ ಪ್ರೋಟೀನು ಸೋರುತ್ತಿದೆ, ಇದು ಗರ್ಭನಂಜು.

ಮಬ್ಬು ನಿಂತಿತು. ಹುಡುಗಿಯ ಅತ್ತೆ ಕೆಟ್ಟವರೇನಲ್ಲ. ಮನೆ ತುಂಬ ನೆಂಟರು, ಅಡುಗೆಯಾಗಿದೆ, ಬಾಳೆಲೆ ಹಾಕುವುದಷ್ಟೇ ಬಾಕಿ. "ನಾಳೆ ಬೆಳಿಗ್ಗೆ ಮೊದಲ ಲಾಂಚಿಗೆ ಕಳಿಸ್ತೀವಿ ಕಣೇ ನರ್ಸಮ್ಮ, ಶುಭದ ದಿನ ಆಸ್ಪತ್ರೆ ಅಂದ್ರೆ ಹ್ಯಾಗೆ?" ಎಂದರು. ಅವಳು ವಾದಿಸಲಿಲ್ಲ. ಬಚ್ಚಲಿಗೆ ಹೋಗಿ ಬಂದು, ಇನ್ನೊಂದು ಕೊಳವೆಯಲ್ಲಿ ತನ್ನದೇ ಮೂತ್ರವನ್ನು ಕುದಿಸಿ, ಅದೇ ಆಮ್ಲದ ಹನಿ ಹಾಕಿ, ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. "ಇದು ನಂದು, ಇದು ಅವಳದು. ನೀವೇ ನೋಡ್ರಮ್ಮ." ಒಂದು ತಿಳಿಯಾಗಿತ್ತು, ಇನ್ನೊಂದು ಮೊಸರು ಕದಡಿದಂತಿತ್ತು. ಆ ತಾಯಿ ಎರಡನ್ನೂ ಬಹಳ ಹೊತ್ತು ನೋಡಿ, ಏನೂ ಅನ್ನದೆ ಹೊರಗೆ ಹೋಗಿ ಮಗನಿಗೆ ಜೀಪು ತರಲು ಹೇಳಿದರು.

ಲಾಂಚ್ ಸಿಕ್ಕಿತು. ಸಾಗರದಲ್ಲಿ ವೈದ್ಯರು ದಾಖಲಿಸಿಕೊಂಡರು, ಮೂರು ದಿನದಲ್ಲಿ ಹೆರಿಗೆಯಾಯಿತು. ಎರಡು ಕೆಜಿಗೂ ಕಡಿಮೆ ತೂಕದ ಗಂಡು ಮಗು. ಹೆರಿಗೆಯಾಯಿತಲ್ಲ, ಮನೆಗೆ ಕರೆದೊಯ್ಯೋಣ ಎಂದು ಮನೆಯವರು ಹೊರಟರೆ ಇವಳು ಬಿಡಲಿಲ್ಲ. ಗರ್ಭನಂಜು ಮಗು ಹೊರಬಂದ ಕ್ಷಣ ಮುಗಿಯುವುದಿಲ್ಲ, ಮೊದಲ ಎರಡು ಮೂರು ದಿನ ಅಪಾಯ ಹಾಗೇ ಇರುತ್ತದೆ. ಮರುದಿನ ಬೆಳಗಿನ ಜಾವ ಹುಡುಗಿಗೆ ಫಿಟ್ಸ್ ಬಂತು. ಆಸ್ಪತ್ರೆಯ ಮಂಚದ ಮೇಲಿದ್ದಳು, ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೈಗೆ ಸಿಗುವಲ್ಲಿತ್ತು, ಬದುಕಿದಳು. ಅದೇ ಫಿಟ್ಸ್ ಹಿನ್ನೀರಿನ ಈಚೆ, ತೋಟದ ಮನೆಯಲ್ಲಿ, ಲಾಂಚ್ ನಿಂತ ಮೇಲೆ ಬಂದಿದ್ದರೆ ಏನಾಗುತ್ತಿತ್ತೆಂದು ಬರೆಯಬೇಕಾಗಿಲ್ಲ.

ಎಲ್ಲರೂ ಹೀಗೆ ಉಳಿಯಲಿಲ್ಲ. ಒಬ್ಬಳು ಮನೆಯಲ್ಲೇ ಹೆತ್ತು, ಮಾಸು ಪೂರ್ತಿ ಬೀಳದೆ ರಕ್ತ ಹೋಗತೊಡಗಿತು. ಅಂಥ ರಕ್ತಸ್ರಾವದಲ್ಲಿ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಕರೆ ಬಂದದ್ದು ರಾತ್ರಿ. ಅವಳು ಓಡಿ ಹೋಗಿ ಇಂಜೆಕ್ಷನ್ ಕೊಟ್ಟಳು, ಹೊಟ್ಟೆಯ ಮೇಲಿಂದ ಗರ್ಭಕೋಶ ನೀವುತ್ತ ಗಟ್ಟಿಯಾಗುವಂತೆ ಮಾಡಲು ಹೆಣಗಿದಳು. ಅದು ಗಟ್ಟಿಯಾಗಲು ಒಪ್ಪಲಿಲ್ಲ. ಜೀಪು ಸುತ್ತುದಾರಿಯಲ್ಲಿದ್ದಾಗಲೇ ಎಲ್ಲ ಮುಗಿಯಿತು. ಬೆಳಿಗ್ಗೆ ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ ಎನಾಮಲ್ ತಟ್ಟೆಯನ್ನು ತಿಕ್ಕುತ್ತಲೇ ಇದ್ದಳು. ನಾನು ಕಾಫಿ ಇಟ್ಟೆ, ತಟ್ಟೆಯನ್ನು ಕೈಯಿಂದ ತೆಗೆದುಕೊಂಡೆ. ಆ ಮನೆಯ ಕೂಸಿನ ತೂಕ ನೋಡಲು ಅವಳು ಪ್ರತಿ ತಿಂಗಳೂ ತಪ್ಪದೆ ಹೋಗುತ್ತಿದ್ದಳು, ಆ ಕೂಸು ಶಾಲೆಗೆ ನನ್ನ ತರಗತಿಗೇ ಬಂತು. ಆ ರಾತ್ರಿಯ ಬಗ್ಗೆ ಅವಳು ಮಾತೆತ್ತಿದವಳಲ್ಲ. ಬಸುರಿಯರ ಪಟ್ಟಿಯಲ್ಲಿ ದಿನ ತುಂಬಿದವರ ಹೆಸರಿನ ಮುಂದೆ ಅವರ ಮನೆಗೆ ಹತ್ತಿರದ ಜೀಪು ಯಾರದು ಎಂದು ಬರೆದಿಡುವುದು ಮಾತ್ರ ಅಲ್ಲಿಂದ ಶುರುವಾಯಿತು.

2020ರಲ್ಲಿ ಅವಳಿಗೇ ಉಸಿರು ಕಟ್ಟತೊಡಗಿತು. ಹೃದಯ ದುರ್ಬಲವಾಗಿದೆ, ರಕ್ತವನ್ನು ಮುಂದಕ್ಕೆ ತಳ್ಳುವ ಶಕ್ತಿ ಕುಂದಿದೆ ಎಂದರು ವೈದ್ಯರು. ಹೀಗಾದಾಗ ದೇಹದಲ್ಲಿ ನೀರು ನಿಲ್ಲುತ್ತದೆ, ಕಾಲಲ್ಲೂ ಶ್ವಾಸಕೋಶದಲ್ಲೂ. ಮಾತ್ರೆಗಳಲ್ಲೊಂದು ನೀರನ್ನು ಹೊರಹಾಕಲು. ಮನೆಗೆ ಬಂದ ಸಂಜೆಯೇ ಅವಳು ಹಳೆಯ ರಿಜಿಸ್ಟರಿನಲ್ಲಿ ಖಾಲಿ ಉಳಿದಿದ್ದ ಹಾಳೆಗಳಿಗೆ ಗೆರೆ ಎಳೆದು ನನ್ನ ಕೈಗಿತ್ತಳು. ತಾರೀಕು, ತೂಕ, ಕಾಲು, ದಿಂಬು.

ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿ ಬಂದು, ಕಾಫಿಗಿಂತ ಮುಂಚೆ, ಪ್ರತಿದಿನ ಒಂದೇ ತೂಕದ ಬಟ್ಟೆಯಲ್ಲಿ ತಕ್ಕಡಿ ಹತ್ತುವುದು. ಒಂದು ದಿನದ ತೂಕ ಏನನ್ನೂ ಹೇಳುವುದಿಲ್ಲ, ನಿನ್ನೆ ಮೊನ್ನೆಯದರ ಪಕ್ಕದಲ್ಲಿಟ್ಟರೆ ಹೇಳುತ್ತದೆ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಊಟದ ತೂಕವಲ್ಲ, ನೀರು. ಕಾಲಿನ ಎಲುಬಿನ ಮೇಲೆ ಹೆಬ್ಬೆರಳೊತ್ತಿ ಐದು ಎಣಿಸುವ ಕೆಲಸ ಈಗ ನನ್ನದು. ದಿಂಬು ಎಂದರೆ, ಉಸಿರಾಡಲು ರಾತ್ರಿ ಎಷ್ಟು ದಿಂಬು ಬೇಕಾಯಿತು ಎಂಬುದು. ಒಂದರಿಂದ ಎರಡಾದರೆ ವೈದ್ಯರಿಗೆ ಫೋನು ಮಾಡಬೇಕು, ಮಲಗಲಾಗದೆ ಎದ್ದು ಕೂತರೆ ಕಾಯದೆ ಹೊರಡಬೇಕು. ಉಪ್ಪು ಕಡಿಮೆ ಮಾಡಬೇಕಿತ್ತು. ಬಯಲುಸೀಮೆಯ ಈ ಹೆಣ್ಣು ಮಲೆನಾಡಿಗೆ ಬಂದು ಮೊದಲು ಮೆಚ್ಚಿದ್ದು ಅಪ್ಪೆಮಿಡಿ ಉಪ್ಪಿನಕಾಯಿ. ಅದರ ಭರಣಿಯನ್ನು ತಾನೇ ಎತ್ತಿ ಪಕ್ಕದ ಮನೆಗೆ ಕೊಟ್ಟು ಬಂದಳು.

ಒಂದು ಬೆಳಿಗ್ಗೆ ತಕ್ಕಡಿ ಹಿಂದಿನ ದಿನಕ್ಕಿಂತ ಒಂದು ಕೆಜಿ ಹೆಚ್ಚು ತೋರಿಸಿತು. "ಏನಿಲ್ಲ ಬಿಡು, ನಿನ್ನೆ ಹಬ್ಬದ ಊಟ" ಎಂದೆ ನಾನು, ಅವಳಿಗೆ ಧೈರ್ಯವಿರಲಿ ಎಂದು. "ಮೊನ್ನೆಯದು ಓದ್ರೀ" ಎಂದಳು. ಓದಿದೆ. ಮೊನ್ನೆಗಿಂತ ನಿನ್ನೆಯೂ ಹೆಚ್ಚಿತ್ತು. ಕಾಲು ಒತ್ತಿದೆ, ಗುಳಿ ನಿಂತಿತು. ಅವತ್ತೇ ಲಾಂಚ್ ಹತ್ತಿದೆವು. ವೈದ್ಯರು ಆ ಹಾಳೆ ನೋಡಿ ಮಾತ್ರೆಯ ಪ್ರಮಾಣ ಬದಲಿಸಿದರು, ದಾಖಲಾಗದೆ ವಾಪಸು ಬಂದೆವು. ಆ ಹಾಳೆಗಳು ನಮಗೆ ಸುಮಾರು ನಾಲ್ಕು ವರ್ಷ ಕೊಟ್ಟವು. ಆ ವರ್ಷಗಳಲ್ಲಿ ಮೊಮ್ಮಗಳಿಗೆ ಅವಳು ಜಡೆ ಹಾಕಿದಳು, ಓದು ಕಲಿಸಿದಳು, ಅಂಗಳದಲ್ಲಿ ಚಳ್ಳಕೆರೆಯ ಹಾಡು ಹೇಳಿದಳು. ಕೊನೆಗೆ ಮಾತ್ರೆಗೂ ನೀರು ಇಳಿಯದ ಕಾಲ ಬಂತು. ಅದು ಬರುತ್ತದೆಂದು ಅವಳೇ ನನಗೆ ಮುಂಚಿತವಾಗಿ ಹೇಳಿದ್ದಳು, ಮಕ್ಕಳಿಗೆ ಹೇಗೆ ಹೇಳಬೇಕೆಂಬುದನ್ನೂ.

ಒಂದು ವಿಷಯದಲ್ಲಿ ಅವಳ ಬಾಯಿ ಕೀಲಿ ಹಾಕಿದ ಪೆಟ್ಟಿಗೆ. ಯಾರ ಮನೆಯಲ್ಲಿ ಯಾರು ಬಸುರಿ, ಯಾರಿಗೆ ಗರ್ಭ ನಿಲ್ಲಲಿಲ್ಲ, ಯಾರ ಗಂಡ ಹೊಡೆಯುತ್ತಾನೆ, ಇದಾವುದೂ ನಮ್ಮ ಮನೆಯ ಹೊಸಿಲು ದಾಟಿ ಒಳಗೆ ಬರಲಿಲ್ಲ. ನಾನೂ ಕೇಳಲಿಲ್ಲ. ಹೆರಿಗೆಯ ಕೋಣೆಯೊಳಗೆ ಏನಾಗುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಜಗಲಿಯಲ್ಲಿ ಲಾಟೀನು ಹಿಡಿದು ಕೂರುವುದಷ್ಟೇ ನನ್ನ ಪಾಲು.

ತಿಥಿಯಾದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಬಳೆ ಹೋಗದೆ ಸೋಪು ಹಚ್ಚಿಸಿಕೊಂಡಿದ್ದ ಆ ಹುಡುಗಿಗೆ ಈಗ ಐವತ್ತರ ಮೇಲೆ. ಅವಳೂ ಬಂದಳು, ಮಗನೊಂದಿಗೆ. ಅವರೆಲ್ಲ ಹೇಳಿದ್ದರಲ್ಲಿ ಹೆಚ್ಚಿನವು ಅವರವರ ಮಾತುಗಳು, ಅವಳು ಇಟ್ಟುಕೊಂಡಂತೆ ನಾನೂ ಇಟ್ಟುಕೊಳ್ಳುತ್ತೇನೆ. ಒಬ್ಬ ವಯಸ್ಸಾದ ಹೆಂಗಸು ಹೇಳಿದ್ದು ಮಾತ್ರ ನನಗೆ ಸೇರಿದ್ದು. ಅದನ್ನು ಬರೆಯಬಹುದು.

ಹೆರಿಗೆ ನೋವು ಬಂದು, ನನ್ನಿಂದಾಗದು ಎಂದು ಅವರು ಕೂಗುವಾಗ ನನ್ನ ಹೆಂಡತಿ ಅವರ ಕೈ ಹಿಡಿದು ಒಂದು ಕತೆ ಹೇಳುತ್ತಿದ್ದಳಂತೆ. ಎಲ್ಲರಿಗೂ ಅದೇ ಕತೆ. ಚಳ್ಳಕೆರೆಯಲ್ಲಿ ನಾನು ಅಷ್ಟು ನೀರನ್ನು ಕಂಡೇ ಇರಲಿಲ್ಲ, ಇಲ್ಲಿಗೆ ಬಂದ ಮೊದಲ ದಿನ ಲಾಂಚಿನಲ್ಲಿ ಕಣ್ಣು ಮುಚ್ಚಿ ಕಂಬಿ ಹಿಡಿದು ಕೂತಿದ್ದೆ, ವಾಪಸು ಊರಿಗೆ ಹೋಗಿಬಿಡೋಣ ಅನ್ನಿಸಿತ್ತು, ಈಗಲೂ ಹತ್ತುವಾಗ ಕಾಲು ನಡುಗುತ್ತದೆ, ಆದರೆ ಹತ್ತುತ್ತೇನೆ, ಮೇಷ್ಟ್ರು ಏನೂ ಕೇಳದೆ ಪಕ್ಕದಲ್ಲಿ ಪೆಟ್ಟಿಗೆ ಹಿಡಿದು ನಿಂತಿರುತ್ತಾರೆ ಎಂದು. ಅವಳಿಗೆ ಹೊಳೆಯ ಭಯವಿತ್ತೆಂಬುದು ನನಗೆ ಆ ದಿನದವರೆಗೂ ಗೊತ್ತಿರಲಿಲ್ಲ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅವಳ ಜೊತೆ ಅದೇ ನೀರು ದಾಟಿದ್ದೇನೆ. ಅವಳು ಲಾಂಚಿನಲ್ಲಿ ಯಾವಾಗಲೂ ನನ್ನ ಎಡಕ್ಕೇ ಬಂದು ನಿಲ್ಲುತ್ತಿದ್ದಳು, ಆ ಕಡೆ ಕಂಬಿ ಇತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ ಆ ಹೆಂಗಸೇ ಫೋನು ಮಾಡಿ, "ನರ್ಸಮ್ಮ ಇದ್ದಿದ್ರೆ ಇನ್ನು ಕಣ್ಣು ಬಿಟ್ಕೊಂಡೇ ಹೋಗಬಹುದಿತ್ತು ಮೇಷ್ಟ್ರೇ" ಎಂದರು.